ನಿಮ್ಮ ಡಬ್ಬಿಯಲ್ಲಿರುವ ದಾಲ್ಚಿನ್ನಿ ಯಾವುದು?

ಕೆಲವು ತಿಂಗಳ ಹಿಂದೆ ನನ್ನ ಕ್ಲಿನಿಕ್‌ಗೆ 58 ವರ್ಷದ ಒಬ್ಬ ಖಾಲಾ ಬಂದಿದ್ದರು. ಸಕ್ಕರೆ ಕಾಯಿಲೆ ಇದೆ, ತೂಕ 60 ಕಿಲೋ. ಮಾತಿನ ನಡುವೆ ಅವರೇ ಹೇಳಿದರು: “ಡಾಕ್ಟರ್ ಸಾಬ್, ಎರಡು ತಿಂಗಳಿಂದ ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ ದಾಲ್ಚಿನ್ನಿ ಪುಡಿ ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದೇನೆ. ಮೊಮ್ಮಗನಿಗೂ ನೆಗಡಿ ಬಾರದಿರಲಿ ಎಂದು ಹಾಲಿಗೆ ಅರ್ಧ ಚಮಚ ಹಾಕಿ ಕೊಡುತ್ತೇನೆ. ಮಸಾಲೆ ತಾನೆ, ಏನಾಗುತ್ತದೆ?”

ಪುಡಿ ಎಲ್ಲಿಯದು ಎಂದು ಕೇಳಿದೆ. ಕಿರಾಣಿ ಅಂಗಡಿಯಿಂದ ಕಾಲು ಕಿಲೋ ತಂದು ಗಿರಣಿಯಲ್ಲಿ ಬೀಸಿಸಿದ್ದರಂತೆ. ಉಳಿದ ತುಂಡುಗಳನ್ನು ಮರುದಿನ ತರಲು ಹೇಳಿದೆ. ತಂದರು. ದಪ್ಪ, ಗಟ್ಟಿ, ಕೆಂಪು ಮಿಶ್ರಿತ ಕಂದು ಬಣ್ಣದ ತೊಗಟೆ. ಅದು ದಾಲ್ಚಿನ್ನಿಯಲ್ಲ, ಕ್ಯಾಸಿಯಾ.

ನಮ್ಮ ಅಂಗಡಿಗಳಲ್ಲಿ ಚಕ್ಕೆ ಕೊಡಿ ಎಂದರೂ ದಾಲ್ಚಿನ್ನಿ ಕೊಡಿ ಎಂದರೂ ಹೆಚ್ಚಾಗಿ ಸಿಗುವುದು ಇದೇ. ಚೀನಾ, ವಿಯೆಟ್ನಾಂ, ಇಂಡೋನೇಷ್ಯಾಗಳಿಂದ ಬರುವ ಅಗ್ಗದ ತೊಗಟೆ. ನಿಜವಾದ ದಾಲ್ಚಿನ್ನಿ ಮುಖ್ಯವಾಗಿ ಶ್ರೀಲಂಕಾದ್ದು. ಅದರ ಬೆಲೆ ಹಲವು ಪಟ್ಟು ಹೆಚ್ಚು. ನಮ್ಮ ದೇಶದ ಆಹಾರ ನಿಯಮಗಳಲ್ಲಿ ಎರಡಕ್ಕೂ ಬೇರೆ ಬೇರೆ ಮಾನದಂಡಗಳಿವೆ. ಕ್ಯಾಸಿಯಾವನ್ನು ಅಲ್ಲಿ ‘ತಜ್’ ಎಂದು ಕರೆಯಲಾಗಿದೆ. ಆದರೆ ಚೀಲದಿಂದ ತೂಗಿ ಕೊಡುವಾಗ ಈ ವ್ಯತ್ಯಾಸ ಉಳಿಯುವುದಿಲ್ಲ.

ಹೆಸರಿನಿಂದಲೂ ನಮಗೆ ಸಹಾಯವಾಗದು. ‘ದಾರ್ಚೀನಿ’ ಎಂಬ ಫಾರ್ಸಿ ಹೆಸರಿನ ಅರ್ಥವೇ ಚೀನಾದ ಮರ ಎಂದು. ಆದರೂ ನಮ್ಮ ಯುನಾನಿ ಹಕೀಮರು ಇವೆರಡನ್ನು ಒಂದೆಂದು ತಿಳಿಯಲಿಲ್ಲ. ಜೀರ್ಣಕ್ಕೆ ಕೊಡುವ ಜವಾರಿಶ್ ಜಾಲೀನೂಸ್‌ನ ಪಟ್ಟಿ ನೋಡಿ. ಅದರಲ್ಲಿ ಏಲಕ್ಕಿ, ಲವಂಗಗಳ ಜೊತೆಗೆ ದಾರ್ಚೀನಿ ಒಂದು ಕಡೆ, ಕ್ಯಾಸಿಯಾ ಜಾತಿಯ ‘ಸಲೀಖಾ’ ಇನ್ನೊಂದು ಕಡೆ ಇದೆ. ಒಂದೇ ಔಷಧಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ತೂಗಿ ಹಾಕಬೇಕು.

ಇಷ್ಟೆಲ್ಲ ಯಾಕೆಂದರೆ, ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಪದಾರ್ಥ ಗಣನೀಯವಾಗಿದೆ. ಸಿಲೋನ್ ದಾಲ್ಚಿನ್ನಿಯಲ್ಲಿ ಅದು ಅತ್ಯಲ್ಪ. ದಿನವೂ ಹೆಚ್ಚು ಕೂಮರಿನ್ ಹೊಟ್ಟೆಗೆ ಹೋದರೆ ಕೆಲವರ ಯಕೃತ್ತಿಗೆ ಹಾನಿಯಾಗುತ್ತದೆ. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲಾಗದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2004ರಲ್ಲಿ ಇದಕ್ಕೆ ಮಿತಿ ಹಾಕಿತು: ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ.

ಖಾಲಾ ಅವರ ಲೆಕ್ಕ ಹಾಕೋಣ. 60 ಕಿಲೋ ತೂಕಕ್ಕೆ ದಿನದ ಮಿತಿ 6 ಮಿಲಿಗ್ರಾಂ. ಕ್ಯಾಸಿಯಾದಲ್ಲಿ ಕೂಮರಿನ್ ಒಂದೊಂದು ತೊಗಟೆಗೆ ಬಹಳ ವ್ಯತ್ಯಾಸವಾಗುತ್ತದೆ. ಸರಾಸರಿ ಒಂದು ಗ್ರಾಂಗೆ ಸುಮಾರು 3 ಮಿಲಿಗ್ರಾಂ ಎಂದು ಹಿಡಿಯಬಹುದು. ಚಹಾ ಚಮಚದ ಎರಡು ಚಮಚ ಪುಡಿ ಸುಮಾರು 5 ಗ್ರಾಂ. ಅಂದರೆ 15 ಮಿಲಿಗ್ರಾಂ, ಮಿತಿಯ ಎರಡೂವರೆ ಪಟ್ಟು. ಮೊಮ್ಮಗನ ತೂಕ 15 ಕಿಲೋ. ಅವನಿಗೆ ಅರ್ಧ ಗ್ರಾಂ ಕ್ಯಾಸಿಯಾದಲ್ಲೇ ಮಿತಿ ಮುಟ್ಟುತ್ತದೆ. ಅರ್ಧ ಚಮಚ ಎಂದರೆ ಅವನಿಗೂ ಎರಡೂವರೆ ಪಟ್ಟೇ.

ಒಂದು ದಿನ ಈ ಮಿತಿ ಮೀರಿದರೆ ಹೆದರಬೇಕಿಲ್ಲ. ತಿಂಗಳುಗಟ್ಟಲೆ ಮೀರುವುದು ಸರಿಯಲ್ಲ. ಖಾಲಾ ಅವರಿಗೆ ಯಕೃತ್ತಿನ ರಕ್ತ ಪರೀಕ್ಷೆ ಮಾಡಿಸಿದೆ. ಅಲ್ಲಾಹನ ದಯೆಯಿಂದ ಸರಿಯಾಗಿಯೇ ಇತ್ತು. ಪುಡಿ ನಿಲ್ಲಿಸಿದೆವು, ಇಬ್ಬರಿಗೂ. ಸಕ್ಕರೆಯ ಮಾತ್ರೆ ಮಾತ್ರ ಎಂದಿನಂತೆ ಮುಂದುವರಿಯಿತು. ಯಾವ ದಾಲ್ಚಿನ್ನಿಯೂ ಅದರ ಬದಲಿಯಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ತುಂಡಿನ ತುದಿಯನ್ನು ನಿಮ್ಮ ಕಡೆ ತಿರುಗಿಸಿ ನೋಡಿ. ಸಿಲೋನ್ ದಾಲ್ಚಿನ್ನಿಯಲ್ಲಿ ಕಾಗದದಷ್ಟು ತೆಳುವಾದ ಹಲವು ಪದರಗಳು ಒಂದರೊಳಗೊಂದು ಸುತ್ತಿಕೊಂಡು ಒಳಭಾಗ ತುಂಬಿರುತ್ತದೆ. ಕ್ಯಾಸಿಯಾದಲ್ಲಿ ಒಂದೇ ದಪ್ಪ ಪದರ, ನಡುವೆ ಟೊಳ್ಳು, ಇಲ್ಲವೆ ಸುರುಳಿಯೇ ಇಲ್ಲದ ಚಪ್ಪಟೆ ತುಂಡು. ಅಂದವಾಗಿ ಸುರುಳಿಯಾಗಿದೆ ಎಂದು ಮೋಸಹೋಗಬೇಡಿ, ಕ್ಯಾಸಿಯಾದ ತೆಳು ಸುರುಳಿಗಳೂ ಬರುತ್ತವೆ. ಪದರಗಳನ್ನು ಎಣಿಸಿ. ಆಮೇಲೆ ಬೆರಳಿನಿಂದ ಒತ್ತಿ. ಸಿಲೋನ್ ಪುಡಿಪುಡಿಯಾಗಿ ಮುರಿಯುತ್ತದೆ, ಬಣ್ಣ ತಿಳಿ ಕಂದು, ರುಚಿ ಮೃದುವಾದ ಸಿಹಿ. ಕ್ಯಾಸಿಯಾ ಕಟ್ಟಿಗೆಯಂತೆ ಗಟ್ಟಿ. ಜಗಿದರೆ ಮೊದಲು ಖಾರ, ಆಮೇಲೆ ಸ್ವಲ್ಪ ಒಗರು.

ಪುಡಿಯಾದ ಮೇಲೆ ಈ ಯಾವ ಗುರುತೂ ಉಳಿಯುವುದಿಲ್ಲ. ಅಯೋಡಿನ್ ಹನಿ ಹಾಕಿ ನೋಡಿ, ನೀಲಿಯಾದರೆ ಕ್ಯಾಸಿಯಾ ಎಂದು ಕೆಲವರು ಹೇಳುತ್ತಾರೆ. ಕ್ಯಾಸಿಯಾದಲ್ಲಿ ಪಿಷ್ಟ ಹೆಚ್ಚಿರುವುದು ನಿಜ, ಆದರೆ ಇನ್ನೊಂದರಲ್ಲೂ ಸ್ವಲ್ಪ ಇದೆ. ಎರಡನ್ನೂ ಬೆರೆಸಿದ್ದರೆ ಈ ಪರೀಕ್ಷೆ ಕೈಕೊಡುತ್ತದೆ. ಅದಕ್ಕೇ ನನ್ನ ಮಾತು ಇಷ್ಟೆ: ದಾಲ್ಚಿನ್ನಿಯನ್ನು ಪುಡಿಯಾಗಿ ಕೊಳ್ಳಲೇಬೇಡಿ. ಇಡಿಯಾಗಿ ತಂದು, ತುದಿ ನೋಡಿ, ಬೇಕಾದಷ್ಟೇ ಕುಟ್ಟಿಕೊಳ್ಳಿ.

ಇಡಿಯಾಗಿ ಕೊಂಡರೆ ಏಲಕ್ಕಿ, ಲವಂಗಗಳ ಮೋಸವೂ ಗೊತ್ತಾಗುತ್ತದೆ. ಏಲಕ್ಕಿಯ ಒಂದು ಕಾಯಿ ಸುಲಿದು ನೋಡಿ. ಬೀಜ ಕಪ್ಪಾಗಿ ಅಂಟಂಟಾಗಿ ತುಂಬಿರಬೇಕು. ಬಿಳಿಚಿಕೊಂಡು ಒಣಗಿದ್ದರೆ ಎಳೆಯದ್ದು, ಇಲ್ಲವೆ ಎಣ್ಣೆ ತೆಗೆದದ್ದು. ಹೊರಗಿನ ಹಸಿರು ಅತಿಯಾಗಿ ಹೊಳೆಯುತ್ತಿದ್ದರೆ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ. ಬಣ್ಣ ಹತ್ತಿದರೆ ವಾಪಸು ಕೊಡಿ. ಹಾವೇರಿಯ ಏಲಕ್ಕಿ ಹಾರಗಳಲ್ಲಿ ಕಾಣುವಂಥ ಬಿಳುಪು ಮಾಡಿದ ಕಾಯಿ ಅಲಂಕಾರಕ್ಕೆ ಚೆಂದ, ಅಡುಗೆಗೆ ಹಸಿರು ಮುಚ್ಚುಗಾಯಿಯೇ ಸರಿ.

ಲವಂಗದ ತಲೆಯ ಮೇಲಿನ ದುಂಡು ಮೊಗ್ಗು ಉದುರಿರಬಾರದು. ಉಗುರಿನಿಂದ ಕಾಂಡ ಒತ್ತಿದರೆ ಎಣ್ಣೆ ಜಿನುಗಬೇಕು. ಅನುಮಾನವಿದ್ದರೆ ಲೋಟ ನೀರಿಗೆ ನಾಲ್ಕು ಲವಂಗ ಹಾಕಿ. ಒಳ್ಳೆಯದು ಮುಳುಗುತ್ತದೆ, ಇಲ್ಲವೆ ನೆಟ್ಟಗೆ ನಿಲ್ಲುತ್ತದೆ. ಎಣ್ಣೆ ಹಿಂಡಿ ತೆಗೆದದ್ದು ಅಡ್ಡಡ್ಡ ತೇಲುತ್ತದೆ. ಅದರಿಂದ ಅಪಾಯವೇನೂ ಇಲ್ಲ. ಆದರೆ ಹಣ ಕೊಟ್ಟು ಕಸ ತಂದ ಹಾಗೆ.

ಇನ್ನು ಬಿರಿಯಾನಿಯ ವಿಷಯ. ಕ್ಯಾಸಿಯಾವನ್ನು ಮನೆಯಿಂದ ಹೊರಗೆ ಹಾಕಿ ಎಂದು ನಾನು ಹೇಳುವುದಿಲ್ಲ. ಒಂದು ಕಿಲೋ ಮಾಂಸಕ್ಕೆ ಮೂರು ನಾಲ್ಕು ತುಂಡು ಹಾಕುತ್ತೇವೆ, ಎಂಟು ಹತ್ತು ಜನ ಉಣ್ಣುತ್ತೇವೆ, ತುಂಡನ್ನು ತಟ್ಟೆಯ ಅಂಚಿಗೆ ಸರಿಸುತ್ತೇವೆ. ಅದರ ಗಟ್ಟಿ ಖಾರದ ಪರಿಮಳ ಯಖ್ನಿಗೆ ಒಗ್ಗುತ್ತದೆ ಕೂಡ. ಅಡುಗೆಗೆ ಅಗ್ಗದ್ದೇ ಇರಲಿ. ಆದರೆ ದಿನವೂ ಔಷಧಿಯೆಂದು ಬಾಯಿಗೆ ಹಾಕುವುದು ಸಿಲೋನ್ ದಾಲ್ಚಿನ್ನಿಯೇ ಆಗಿರಬೇಕು. ಅದನ್ನೂ ನಿಮ್ಮ ವೈದ್ಯರಿಗೆ ತಿಳಿಸಿಯೇ ತೆಗೆದುಕೊಳ್ಳಿ. ಯಕೃತ್ತಿನ ತೊಂದರೆ ಇರುವವರು ಮತ್ತು ಮಕ್ಕಳ ವಿಷಯದಲ್ಲಿ ಕ್ಯಾಸಿಯಾ ಪುಡಿಯ ದಿನನಿತ್ಯದ ಅಭ್ಯಾಸ ಬೇಡವೇ ಬೇಡ.

ತಪ್ಪು ನಮ್ಮದೂ ಇದೆ. ನಾವು ಯುನಾನಿ ವೈದ್ಯರು ಚೀಟಿಯಲ್ಲಿ ‘ದಾರ್ಚೀನಿ’ ಎಂದು ಬರೆದು ಸುಮ್ಮನಾಗುತ್ತೇವೆ. ಅಂಗಡಿಯವನು ಇದ್ದದ್ದನ್ನು ಕೊಡುತ್ತಾನೆ. ಖಾಲಾ ಬಂದು ಹೋದ ಮೇಲೆ ನಾನು ‘ಸಿಲೋನ್, ಇಡಿಯಾಗಿ’ ಎಂದು ಸೇರಿಸಿ ಬರೆಯುತ್ತಿದ್ದೇನೆ. ನೀವೂ ಅಂಗಡಿಯಲ್ಲಿ ಹಾಗೆಯೇ ಕೇಳಿ. ಇಲ್ಲ ಎಂದರೆ ಇನ್ನೊಂದು ಅಂಗಡಿ ನೋಡಿ. ಎರಡೂ ಮನೆಯಲ್ಲಿದ್ದರೆ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಹೆಸರು ಬರೆದು ಅಂಟಿಸಿ.