ಕಟ್ಟಡ ಕೇಳಿದೆವು, ಅವರು ತಾಮ್ರದ ತಂತಿಯ ಲೆಕ್ಕ ಕೇಳಿದರು

ಹಿಡಕಲ್ ಡ್ಯಾಮ್ ಕಡೆಯ ಮದ್ರಸವೊಂದರಲ್ಲಿ ಕಲಿಸುತ್ತಿರುವ ನಾವು, ಅಲ್ಲಿನ ಕಮಿಟಿಯವರ ಜೊತೆ ಸೇರಿ ಕಂಪೆನಿಯೊಂದಕ್ಕೆ ಮನವಿ ಬರೆದಿದ್ದೆವು. ಹತ್ತನೇ ತರಗತಿಗೇ ಶಾಲೆ ಬಿಟ್ಟ ಹುಡುಗರಿಗೆ ಕೌಶಲ ತರಬೇತಿ ಕೇಂದ್ರ ಬೇಕು, ಎರಡು ಅಂತಸ್ತಿನ ಕಟ್ಟಡಕ್ಕೆ 40 ಲಕ್ಷ ಕೊಡಿ ಅಂತ. ಜಮಾಅತಿನ ಲೆಟರ್‌ಹೆಡ್, ಅಧ್ಯಕ್ಷರ ಸಹಿ, ಸೀಲು ಎಲ್ಲವೂ ಇತ್ತು. ಊರ ಕಡೆಯಲ್ಲೂ ಇಂಥ ಮನವಿ ಬರೆಯುವವರು ಬಹಳ ಇರುವುದರಿಂದ ಆಮೇಲೆ ಏನಾಯಿತು ಅನ್ನುವುದನ್ನು ಹೇಳುತ್ತೇವೆ.

ಸಿಎಸ್‌ಆರ್ ಹಣ ಅಂದರೆ ಧನಿಗಳ ದಾನ ಅಂತ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದು 2013ರ ಕಂಪೆನಿ ಕಾಯ್ದೆ ಹೇಳಿದ ಖರ್ಚು. ವರ್ಷಕ್ಕೆ 5 ಕೋಟಿ ಲಾಭ ಅಥವಾ 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪೆನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಶೇಕಡಾವನ್ನು ಇದಕ್ಕೆ ಇಡಬೇಕು. ತನ್ನ ಕಾರ್ಖಾನೆಯ ಸುತ್ತಲಿನ ಊರಿಗೆ ಆದ್ಯತೆ ಕೊಡಬೇಕು. ಖರ್ಚಿನ ಲೆಕ್ಕವನ್ನು ಅವರೂ ಒಪ್ಪಿಸಬೇಕಾಗುತ್ತದೆ. ಹಾಗಾಗಿ ಸಹಿ ಸೀಲು ನೋಡಿ ಯಾರೂ ಚೆಕ್ ಬರೆಯುವುದಿಲ್ಲ.

ನಮ್ಮನ್ನು ಕರೆದ ಅಧಿಕಾರಿ ಕೇಳಿದ್ದು ಒಂದೇ: "ಉಸ್ತಾದರೇ, ಕಟ್ಟಡ ಆಯಿತು ಅಂತಿಟ್ಟುಕೊಳ್ಳಿ. ಒಳಗೆ ಯಾರು ಏನು ಕಲಿಸ್ತಾರೆ? ಕಲಿತವನನ್ನು ಕೆಲಸಕ್ಕೆ ಇಟ್ಕೊಳ್ಳುವವರು ಯಾರು?" ನಮ್ಮಲ್ಲಿ ಉತ್ತರ ಇರಲಿಲ್ಲ. ಕಂಪ್ಯೂಟರ್, ಟೈಲರಿಂಗ್ ಅಂತ ಏನೋ ಹೇಳಿ ಎದ್ದು ಬಂದೆವು. ನಾಚಿಕೆಯಾಯಿತು.

ಹಿಂದಿರುಗಿ ಬಂದವರು ಮೊದಲು ಮಾಡಬೇಕಿದ್ದ ಕೆಲಸ ಮಾಡಿದೆವು. ಘಟಪ್ರಭೆಯ ನೀರಿರುವ ಈ ಸೀಮೆಯಲ್ಲಿ ಕಬ್ಬು ಜಾಸ್ತಿ, ಪಂಪ್‌ಸೆಟ್ ಜಾಸ್ತಿ, ಮೋಟಾರ್ ಸುಡುವುದೂ ಜಾಸ್ತಿ. ಹುಕ್ಕೇರಿ, ಗೋಕಾಕದ ರಿವೈಂಡಿಂಗ್ ಅಂಗಡಿಗಳಿಗೆ ಹೋಗಿ ಕೇಳಿದೆವು. ಒಬ್ಬ ಅಂಗಡಿಯವರು ಹೇಳಿದರು: "ಸರ್ಟಿಫಿಕೇಟ್ ಹಿಡ್ಕೊಂಡ್ ಬರ್ತಾರ್ರೀ ಹುಡುಗರು, ಸ್ಲಾಟಿಗೆ ಕಾಯಿಲ್ ಹಾಕಾಕ ಬರಂಗಿಲ್ರೀ. ಕೈ ಕೂತವರನ್ನ ಕೊಡ್ರಿ, ನಾಳೆನ ಇಟ್ಕೋತೀನಿ." ಆ ಮಾತನ್ನೇ ಅವರಿಂದ ಕಾಗದದಲ್ಲಿ ಬರೆಸಿಕೊಂಡೆವು. ಎರಡನೇ ಮನವಿಗೆ ಅದೇ ಅಡಿಪಾಯ.

ಈ ಸಲ 20 ಹುಡುಗರು, ಮೂರು ತಿಂಗಳು, ಒಂದೇ ಕೆಲಸ. ಕಲಿಸುವವರಿಗೆ 75,000, ಬಾಡಿಗೆ ಶೆಡ್ಡಿಗೆ 18,000, ಬಸ್ಸು ಮತ್ತು ಮಧ್ಯಾಹ್ನದ ಊಟಕ್ಕೆ 60,000. ಹೆಚ್ಚಿನವರು ಮರೆಯುವುದು ಮುಂದಿನದನ್ನು: ತಲೆಗೆ ಮೂರು ಕಿಲೋದಂತೆ 60 ಕಿಲೋ ವೈಂಡಿಂಗ್ ತಂತಿ. ಕಿಲೋಗೆ 1,000 ಹಿಡಿದರೆ 60,000. ಇನ್ಸುಲೇಷನ್ ಪೇಪರ್, ವಾರ್ನಿಷ್‌ಗೆ 15,000. ಒಟ್ಟು 2,28,000, ಅಂದರೆ ತಲೆಗೆ 11,400. ಮೆಗ್ಗರ್, ಟಾಂಗ್ ಟೆಸ್ಟರ್, ವೈಂಡಿಂಗ್ ಮೆಷಿನ್ ಒಮ್ಮೆ ಕೊಂಡರೆ ಮುಂದಿನ ಬ್ಯಾಚಿಗೂ ಆಗುತ್ತವೆ; ಅದಕ್ಕೆ 90,000 ಬೇರೆ. ಕೈ ಪಳಗಲು ಹಳೆ ತಂತಿ ಸಾಕು. ಆದರೆ ವಾರ್ನಿಷ್ ಹಾಕಿ ಮೋಟಾರ್ ಓಡಿಸಿ ನೋಡಬೇಕಾದರೆ ಹೊಸ ತಂತಿಯೇ ಬೇಕು. ತಂತಿಗೆ ದುಡ್ಡಿಡದ ತರಬೇತಿಯಲ್ಲಿ ಹುಡುಗರು ನೋಡಿ ಕಲಿಯುತ್ತಾರೆ, ಮಾಡಿ ಕಲಿಯುವುದಿಲ್ಲ. ಪಾಸಾದದ್ದಕ್ಕೆ ಪರೀಕ್ಷೆಯನ್ನೂ ಬರೆದೆವು: ಹುಡುಗ ತಾನೇ ಸುತ್ತಿದ ಮೋಟಾರ್ ಒಂದು ಗಂಟೆ ಓಡಬೇಕು, ಮೂರೂ ಫೇಸಿನಲ್ಲಿ ಕರೆಂಟು ಹೆಚ್ಚುಕಮ್ಮಿ ಸಮ ಇರಬೇಕು.

ಇನ್ನು ಜಮಾಅತಿನ ಲೆಟರ್‌ಹೆಡ್ಡಿನ ವಿಷಯ. ಇಲ್ಲಿ ನಮ್ಮವರಿಗೆ ಬೇಸರವಾಗಬಹುದು, ಆದರೂ ಹೇಳಬೇಕು. 2021ರ ಎಪ್ರಿಲ್‌ನಿಂದ, ಕಂಪೆನಿಯ ಪರವಾಗಿ ಕೆಲಸ ಮಾಡುವ ಹೊರಗಿನ ಟ್ರಸ್ಟಿಗೆ 12ಎ, 80ಜಿ ನೋಂದಣಿ, ಇಂಥದೇ ಕೆಲಸದ ಮೂರು ವರ್ಷದ ಅನುಭವ ಮತ್ತು ಸಿಎಸ್‌ಆರ್-1 ನೋಂದಣಿ ಇರಬೇಕು. ಒಂದೇ ಧರ್ಮದವರ ಪ್ರಯೋಜನಕ್ಕೆ ಅಂತ ಬರೆದುಕೊಂಡ ಸಂಸ್ಥೆಗೆ 80ಜಿ ಸಿಗದು. "ನಮ್ಮ ಮಕ್ಕಳಿಗೆ" ಅಂತ ಮನವಿಯಲ್ಲಿ ಬರೆದ ಒಂದು ಸಾಲು ನಮ್ಮ ಬಾಗಿಲನ್ನು ನಾವೇ ಮುಚ್ಚಿದಂತೆ. ಕಮಿಟಿಯಲ್ಲಿ ಇದಕ್ಕೆ ಎರಡು ರಾತ್ರಿ ಜಗಳವಾಯಿತು. ಹೊಸ ಟ್ರಸ್ಟ್ ಮಾಡೋಣ ಅಂದರು ಕೆಲವರು; ಮೂರು ವರ್ಷದ ಅನುಭವ ಎಲ್ಲಿಂದ ತರುವುದು? ಕೊನೆಗೆ ಹೊಲಿಗೆ ತರಗತಿ ನಡೆಸುತ್ತಾ ಬಂದ ಹಳೆಯ ಟ್ರಸ್ಟೊಂದರ ಹೆಸರಲ್ಲಿ, ಎಲ್ಲ ಜಾತಿಯ ಹುಡುಗರಿಗೆ ಅಂತ ಬರೆದೆವು. ನಮ್ಮ ಬೋರ್ಡು ಇರುವುದಿಲ್ಲ ಅಂತ ಇಬ್ಬರು ಸಭೆಯಿಂದ ಎದ್ದು ಹೋದರು.

ಉಜಿರೆಯ ರುಡ್‌ಸೆಟ್ ನಮ್ಮ ಊರವರಿಗೆ ಗೊತ್ತು. 1982ರಲ್ಲಿ ಧರ್ಮಸ್ಥಳದವರೂ ಎರಡು ಬ್ಯಾಂಕುಗಳೂ ಸೇರಿ ಶುರು ಮಾಡಿದ್ದು. ಅಲ್ಲಿ ಕಲಿತು ಅಂಗಡಿ ಇಟ್ಟ ನಮ್ಮ ಹುಡುಗರನ್ನು ಯಾರೂ ಜಾತಿ ಕೇಳಲಿಲ್ಲ ಅಂತ ಆ ಇಬ್ಬರಿಗೂ ಹೇಳಿ ನೋಡಿದೆವು.

ಮೊದಲ ಮನವಿ ಕೊಟ್ಟದ್ದು ಫೆಬ್ರವರಿಯಲ್ಲಿ, ಆ ವರ್ಷದ ಹಣ ಹಂಚಿ ಮುಗಿದ ಮೇಲೆ. ಎರಡನೆಯದನ್ನು ಡಿಸೆಂಬರಿನಲ್ಲೇ, ಮುಂದಿನ ವರ್ಷದ ಯೋಜನೆ ಬರೆಯುವ ಮುಂಚೆ ಕೊಟ್ಟಿದ್ದೇವೆ. ಹೋದ ವಾರ ಅಧಿಕಾರಿ ಫೋನ್ ಮಾಡಿ, ತಂತಿಯ ಕೊಟೇಷನ್ ಇನ್ನೂ ಎರಡು ಅಂಗಡಿಯದು ಬೇಕು ಅಂದರು. ನಾಳೆ ಗೋಕಾಕಕ್ಕೆ ಹೋಗುವುದಿದೆ.