ಕಡಮೆ ತಂತಿಯ ಲೆಕ್ಕ

ಐದು ಊರುಗಳಿಗೆ ವಿದ್ಯುತ್ತಿನ ತಂತಿ ಎಳೆಯಬೇಕಾಗಿದೆ. ಒಂದೂರೂ ಕತ್ತಲಲ್ಲಿ ಉಳಿಯಕೂಡದು. ತಂತಿ ಮಾತ್ರ ಆದಷ್ಟು ಕಡಮೆ ಹಿಡಿಯಬೇಕು. ಇಂಥ ಪ್ರಶ್ನೆ ಚೆಕೊಸ್ಲೊವಾಕಿಯದ ಮೊರಾವಿಯಾ ಪ್ರಾಂತದಲ್ಲಿ ಎದ್ದು, ೧೯೨೬ರಲ್ಲಿ ಓಟಾಕರ್ ಬೊರುವ್ಕಾ ಎಂಬ ಗಣಿತಜ್ಞರು ಅದಕ್ಕೊಂದು ಉತ್ತರ ಬರೆದರು. ನಾನಿಲ್ಲಿ ಹೇಳಹೊರಟಿರುವ ಕ್ರಮ ಅದಕ್ಕಿಂತಲೂ ಸರಳವಾದುದು. ೧೯೫೬ರಲ್ಲಿ ಅಮೆರಿಕೆಯ ಜೋಸೆಫ್ ಕ್ರುಸ್ಕಲ್ ಮೂರು ಪುಟಗಳ ಲೇಖನವೊಂದರಲ್ಲಿ ಪ್ರಕಟಿಸಿದ್ದು.

ನಮ್ಮ ಊರುಗಳಿಗೆ ಕ, ಚ, ಟ, ತ, ಪ ಎಂದು ಹೆಸರಿಡೋಣ. (ಕನ್ನಡ ಮೇಷ್ಟರಿಗೆ ಬೇರೆ ಹೆಸರು ಹೊಳೆಯುವುದೆಂತು?) ತಂತಿ ಎಳೆಯಬಹುದಾದ ದಾರಿಗಳು ಏಳು: ಕ-ಚ ೩ ಕಿಲೋಮೀಟರು, ಚ-ಟ ೪, ಕ-ಟ ೫, ತ-ಪ ೬, ಟ-ತ ೭, ಚ-ತ ೮, ಕ-ಪ ೯. ಉಳಿದೆಡೆ ಹೊಳೆ, ಗುಡ್ಡ ಅಡ್ಡವಾಗಿವೆ.

ಕಿರಿದಾದ ದಾರಿಯಿಂದ ಆರಂಭಿಸಿ ಒಂದೊಂದನ್ನೇ ನೋಡುತ್ತ ಹೋಗಬೇಕು. ಕ-ಚ ಬಂತು, ಚ-ಟ ಬಂತು. ಮುಂದಿನದು ಕ-ಟ, ಐದೇ ಕಿಲೋಮೀಟರು. ಅಗ್ಗವೆಂದು ಕೈ ಮುಂದಾಗುತ್ತದೆ. ಆದರೆ ಕ ಮತ್ತು ಟ ಆಗಲೇ ಚದ ಮೂಲಕ ಕೂಡಿವೆ. ಇದನ್ನೂ ಎಳೆದರೆ ಒಂದು ಸುತ್ತು ಏರ್ಪಡುವುದೇ ಹೊರತು ಹೊಸ ಊರೊಂದಕ್ಕೂ ಬೆಳಕು ಬಾರದು. ಬಿಟ್ಟುಬಿಡಿ. ಆಮೇಲೆ ತ-ಪ. ಅದು ಮೊದಲಿನ ಮೂರೂರಿಗೆ ತಗುಲದೆ ಬೇರೆಯೇ ನಿಲ್ಲುತ್ತದೆ. ಚಿಂತೆಯಿಲ್ಲ, ಮುಂದಿನ ಟ-ತ ಎರಡು ತುಂಡುಗಳನ್ನೂ ಬೆಸೆಯುತ್ತದೆ. ಐದೂರಿಗೆ ನಾಲ್ಕು ತಂತಿ, ಒಟ್ಟು ೨೦ ಕಿಲೋಮೀಟರು. ಉಳಿದೆರಡು ದಾರಿಗಳ ಗೊಡವೆ ಬೇಡ.

ನೂರಾರು ಊರುಗಳಿದ್ದರೆ ಸುತ್ತು ಕಣ್ಣಿಗೆ ಕಾಣಿಸದು. ಆಗ ಒಂದೊಂದೂರಿಗೂ ಒಂದೊಂದು ಬಣ್ಣ ಕೊಡಬೇಕು. ತಂತಿ ಕೂಡಿಸಿದಾಗಲೆಲ್ಲ ಒಂದು ಗುಂಪಿನ ಎಲ್ಲ ಊರುಗಳೂ ಇನ್ನೊಂದರ ಬಣ್ಣ ತಳೆಯುತ್ತವೆ. ದಾರಿಯ ಎರಡು ತುದಿಗಳಲ್ಲೂ ಒಂದೇ ಬಣ್ಣ ಕಂಡರೆ ಅದನ್ನು ಬಿಡಬೇಕು.

ದೂರಾಲೋಚನೆಯಿಲ್ಲದ ಈ ಲೋಭಿತನ ಕೊನೆಗೆ ಮೋಸಮಾಡದೆ? ಕ-ಚ ಇಲ್ಲದ ಬೇರೊಂದು ಏರ್ಪಾಡನ್ನು ಯಾರೋ ತಂದರೆನ್ನಿ. ಅದಕ್ಕೆ ಕ-ಚ ಸೇರಿಸಿದೊಡನೆ ಸುತ್ತೊಂದು ಮೂಡುತ್ತದೆ. ಆ ಸುತ್ತಿನ ಮಿಕ್ಕ ತಂತಿಗಳೆಲ್ಲ ಅದಕ್ಕಿಂತ ಉದ್ದವಾದವೇ; ಅವುಗಳಲ್ಲೊಂದನ್ನು ಕಿತ್ತರೂ ಊರುಗಳೆಲ್ಲ ಕೂಡಿಯೇ ಇರುತ್ತವೆ, ತಂತಿ ಮಾತ್ರ ಉಳಿಯುತ್ತದೆ. ಮುಂದಿನ ಹೆಜ್ಜೆಗಳಿಗೂ ಇದೇ ವಾದ ಸಲ್ಲುತ್ತದೆ.

ಆದರೆ ಒಟ್ಟು ತಂತಿ ಕಡಮೆಯಾಯಿತೆಂದರೆ ಊರಿಂದೂರಿಗೆ ದಾರಿ ಹತ್ತಿರವಾಯಿತೆಂದು ಬಗೆಯಬಾರದು. ಕದಿಂದ ಪಕ್ಕೆ ನೇರವಾಗಿ ೯ ಕಿಲೋಮೀಟರು. ನಮ್ಮ ತಂತಿಯ ಮೇಲೆ ಹೋದರೆ ಇಪ್ಪತ್ತೂ ಸವೆಯಬೇಕು! ಇನ್ನು ಮಳೆಗಾಲದ ಒಂದು ರಾತ್ರಿ ಟ-ತ ನಡುವೆ ಮರ ಬಿದ್ದು ತಂತಿ ಹರಿದರೆ, ಬಳಸಿ ಬರಲು ಬೇರೆ ಹಾದಿಯಿಲ್ಲ. ವಿದ್ಯುತ್ತು ಕದ ಕಡೆಯಿಂದ ಬರುವುದಾದರೆ ತ, ಪ ಎರಡೂ ಕತ್ತಲಲ್ಲೇ ಬೆಳಗು ಕಾಣಬೇಕು.