‘ತಕ್ಷಣ’ ಎಂದರೆ ಎಷ್ಟು ಹೊತ್ತು?

ಪುಣೆಯಿರಲಿ, ಹೈದರಾಬಾದ್ ಇರಲಿ, ಬಿಸಿನೆಸ್ ಅನಲಿಸ್ಟ್ ಹುದ್ದೆಯ ಸಂದರ್ಶನದಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತದೆ: ‘ಆನ್‌ಲೈನ್ ಅಂಗಡಿಯ ಗ್ರಾಹಕ ಸೇವಾ ಮುಖ್ಯಸ್ಥರಿಗೆ ರೀಫಂಡ್ ತಕ್ಷಣ ಆಗಬೇಕು. ವಾಪಸಾದ ಸರಕನ್ನು ಗೋದಾಮಿನಲ್ಲಿ ಪರೀಕ್ಷಿಸುವವರೆಗೆ ಒಂದು ರೂಪಾಯಿಯೂ ಹೋಗಕೂಡದು ಎನ್ನುವುದು ಹಣಕಾಸು ಮುಖ್ಯಸ್ಥರ ಪಟ್ಟು. ನೀವೇನು ಮಾಡುತ್ತೀರಿ?’

‘ಇಬ್ಬರನ್ನೂ ಒಟ್ಟಿಗೆ ಕೂರಿಸಿ ಒಮ್ಮತಕ್ಕೆ ತರುತ್ತೇನೆ’ ಎನ್ನುವುದು ಸಾಮಾನ್ಯ ಉತ್ತರ. ಅದು ಪಂಚಾಯಿತಿ ಕಟ್ಟೆಯ ರಾಜಿ. ‘ಎರಡು ದಿನದಲ್ಲಿ ಹಣ’ ಎಂಬ ನಡುದಾರಿ ಹಿಡಿದರೆ ಗ್ರಾಹಕರು ಫೋನ್ ಮಾಡುವುದೂ ನಿಲ್ಲದು, ಮೋಸವೂ ತಪ್ಪದು.

ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕಾಣಬೇಕು. ಎದುರುಬದುರು ಕೂತರೆ ಪ್ರತಿಯೊಬ್ಬರೂ ತಮ್ಮ ವಿಭಾಗದ ಮಾನ ಕಾಯಲು ನಿಲ್ಲುತ್ತಾರೆ. ‘ನಿಮಗೇನು ಬೇಕು?’ ಎನ್ನುವ ಬದಲು ‘ಈಚೆಗೆ ಕೆಟ್ಟುಹೋದ ಒಂದು ಪ್ರಕರಣ ತೋರಿಸಿ’ ಎಂದು ಕೇಳಬೇಕು. ಸೇವಾ ಮುಖ್ಯಸ್ಥರು ತೋರಿಸುವುದು ‘ನನ್ನ ಹಣ ಎಲ್ಲಿದೆ’ ಎಂಬ ಕರೆಗಳನ್ನು. ಹಣಕಾಸಿನವರು ತೋರಿಸುವುದು ದುಬಾರಿ ಫೋನಿನ ಡಬ್ಬಿಯಲ್ಲಿ ಸೋಪು ವಾಪಸ್ ಬಂದದ್ದನ್ನು. ಒಬ್ಬರ ನೋವು ಮಾಹಿತಿ ಸಿಗದಿರುವುದು, ಇನ್ನೊಬ್ಬರದು ಬೆಲೆಬಾಳುವ ಸರಕಿನ ನಷ್ಟ. ಇವು ಒಂದಕ್ಕೊಂದು ವಿರುದ್ಧವೇ ಅಲ್ಲ.

ಮುಂದಿನದು ‘ತಕ್ಷಣ’ ಎಂಬ ಪದ. ಕಂಪನಿ ರೀಫಂಡ್ ಆದೇಶ ಕಳಿಸುವುದು ಬೇರೆ, ಹಣ ಖಾತೆಗೆ ಬೀಳುವುದು ಬೇರೆ. ಕಾರ್ಡ್ ಪಾವತಿಯಾದರೆ ಬ್ಯಾಂಕಿಗೆ ಕೆಲವು ದಿನ ಬೇಕಾಗಬಹುದು. ಅದು ನಮ್ಮ ಸಾಫ್ಟ್‌ವೇರ್‌ನ ಹಿಡಿತದಲ್ಲಿಲ್ಲ. ಹಾಗಾಗಿ ಬೇಡಿಕೆಯನ್ನು ಪರೀಕ್ಷಿಸಿ ನೋಡಬಹುದಾದ ವಾಕ್ಯವಾಗಿ ಬರೆಯಬೇಕು: ‘1,000 ರೂಪಾಯಿವರೆಗಿನ ಸರಕಾದರೆ, ಪಿಕಪ್ ಸ್ಕ್ಯಾನ್ ಆದ 30 ನಿಮಿಷದೊಳಗೆ ರೀಫಂಡ್ ಆದೇಶ ಹೋಗಬೇಕು. ಅದಕ್ಕಿಂತ ಹೆಚ್ಚಿನದಾದರೆ ಪರೀಕ್ಷೆಯ ನಂತರ. ಆದರೆ ಪ್ರತಿ ಹಂತದಲ್ಲೂ ಗ್ರಾಹಕರಿಗೆ ಸಂದೇಶ ಹೋಗಬೇಕು.’ ಈಗ ಇಬ್ಬರನ್ನೂ ಒಟ್ಟಿಗೆ ಕರೆಯಬಹುದು. ಮೇಜಿನ ಮೇಲೆ ಚರ್ಚಿಸಲು ಒಂದು ನಿಯಮವಿದೆ.

ಅಷ್ಟಾದರೂ 1,000 ಎಂಬ ಗೆರೆಯ ಬಗ್ಗೆ ಜಗಳ ಉಳಿಯಬಹುದು. ಅದನ್ನು ಎಳೆಯುವುದು ಅನಲಿಸ್ಟ್ ಕೆಲಸವಲ್ಲ. ಹಳೆಯ ರೀಫಂಡ್ ಪಟ್ಟಿ ತರಿಸಿ, 500ಕ್ಕೆ ಗೆರೆ ಹಾಕಿದರೆ ಎಷ್ಟು ಗ್ರಾಹಕರು ಕಾಯಬೇಕು, 2,000ಕ್ಕೆ ಹಾಕಿದರೆ ಎಷ್ಟು ಹಣ ಅಪಾಯದಲ್ಲಿರುತ್ತದೆ ಎಂದು ಲೆಕ್ಕ ಹಾಕಿ, ಯೋಜನೆಗೆ ಹಣ ಕೊಟ್ಟವರ ಮುಂದಿಡಬೇಕು. ಅವರ ತೀರ್ಮಾನವನ್ನು ಹೆಸರು, ತಾರೀಖು, ಕಾರಣದೊಂದಿಗೆ ದಾಖಲಿಸಬೇಕು. ಈ ದಾಖಲೆ ಇಲ್ಲದಿದ್ದರೆ ಮೂರು ತಿಂಗಳ ನಂತರ, ಕೋಡ್ ಎಲ್ಲ ಮುಗಿದ ಮೇಲೆ, ‘ನಾನು ಹಾಗೆ ಹೇಳಿರಲಿಲ್ಲ’ ಎಂಬ ಮಾತು ಬರುತ್ತದೆ.

ಸಂದರ್ಶಕರು ಇಲ್ಲಿ ಅಳೆಯುವುದು ಅಭ್ಯರ್ಥಿಯ ನಯವಾದ ಇಂಗ್ಲಿಷನ್ನಲ್ಲ, ‘ತಕ್ಷಣ ಎಂದರೆ ಎಷ್ಟು ಹೊತ್ತು?’ ಎಂದು ಅವರನ್ನೇ ತಿರುಗಿ ಕೇಳುತ್ತಾನೋ ಇಲ್ಲವೋ ಎಂಬುದನ್ನು.